ಗೋದಾಮಿನಲ್ಲಿದ್ದ ಸೀರೆ ಯಾರದ್ದು?

ಕರಾವಳಿಯ ಕೈಮಗ್ಗದ ಸೀರೆ, ಗೋಡಂಬಿ, ಹಲಸಿನ ಹಪ್ಪಳಗಳನ್ನು ಆನ್‌ಲೈನ್‌ನಲ್ಲಿ ಮಾರುವ ಮಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ನನ್ನ ಕೈಯಲ್ಲಿದೆ. ಯಾವುದನ್ನು ಆದಾಯವೆಂದು ಬರೆಯಬೇಕು ಎಂದು ಹೇಳುವ ಲೆಕ್ಕದ ಮಾನದಂಡಗಳಲ್ಲಿ, ಹೂಡಿಕೆದಾರರ ಒತ್ತಾಯದ ಮೇಲೆ ನಾವು ಹಳೆಯ ಎಎಸ್ 9 ಬಿಟ್ಟು ಇಂಡ್ ಎಎಸ್ 115ಕ್ಕೆ ಬಂದೆವು. ನಮ್ಮಂಥ ಸಣ್ಣ ಕಂಪನಿಗೆ ಅದು ಕಡ್ಡಾಯವಲ್ಲ. ಹಾಗೆ ನೋಡಿದರೆ ಬೇರೆಯವರ ಸರಕನ್ನು ಮಾರಿಕೊಡುವ ಏಜೆಂಟನ ಆದಾಯವೆಂದರೆ ಕಮಿಷನ್ ಮಾತ್ರ ಎಂದು ಎಎಸ್ 9 ಕೂಡ ಹೇಳುತ್ತದೆ. ಆದರೆ ಯಾರು ಏಜೆಂಟ್ ಎಂಬುದನ್ನು ಅದು ಇಷ್ಟು ಕೆದಕಿ ಕೇಳುವುದಿಲ್ಲ.

ಮಾರಾಟಗಾರರೇ ಪ್ಯಾಕ್ ಮಾಡಿ ನೇರವಾಗಿ ಗಿರಾಕಿಗೆ ಕಳುಹಿಸುವ ಸರಕಿನಲ್ಲಿ ಗೊಂದಲವಿರಲಿಲ್ಲ. ಅಲ್ಲಿ ನಾವು ಏಜೆಂಟ್. ತಕರಾರು ಬಂದದ್ದು ಬೈಕಂಪಾಡಿಯ ನಮ್ಮ ಗೋದಾಮಿನಲ್ಲಿ ಇಟ್ಟುಕೊಂಡಿದ್ದ ಸೀರೆಗಳ ವಿಷಯದಲ್ಲಿ. ನೇಕಾರರ ಸಹಕಾರ ಸಂಘವೊಂದು ಅವನ್ನು ನಮ್ಮಲ್ಲಿ ತಂದಿರಿಸುತ್ತದೆ. ಸೀರೆಯ ಬೆಲೆ 2,000 ರೂಪಾಯಿ ಎಂದುಕೊಳ್ಳಿ, ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡೋಣ. ಮಾರಾಟವಾದರೆ ಸಂಘಕ್ಕೆ 1,700, ನಮಗೆ 300. ನಮ್ಮ ಆದಾಯ ಎರಡು ಸಾವಿರವೋ, ಮುನ್ನೂರೋ?

ನಿರ್ದೇಶಕರಿಗೆ ಎರಡು ಸಾವಿರವೇ ಬೇಕಿತ್ತು. "ಸರಕು ನಮ್ಮ ಗೋದಾಮಿನಲ್ಲಿದೆ, ಬಿಲ್ಲು ನಮ್ಮ ಹೆಸರಿನಲ್ಲಿ ಹೋಗುತ್ತದೆ, ದುಡ್ಡು ನಮ್ಮ ಖಾತೆಗೆ ಬರುತ್ತದೆ. ಇನ್ನೇನು ಬೇಕು ಮಾರಾಯರೇ?" ಎಂದರು. ಮೂರೂ ನಿಜ, ಆದರೆ ಮೂರರಿಂದಲೂ ಉತ್ತರ ಸಿಗುವುದಿಲ್ಲ. ಗಿರಾಕಿಯ ಕೈಗೆ ಹೋಗುವ ಮೊದಲು ಆ ಸೀರೆಯ ಮೇಲೆ ನಿಯಂತ್ರಣ ಯಾರದ್ದಿತ್ತು ಎಂಬುದೇ ಮಾನದಂಡ ಕೇಳುವ ಪ್ರಶ್ನೆ. ಅದನ್ನು ಅಳೆಯಲು ಮೂರು ಸೂಚನೆಗಳನ್ನೂ ಕೊಡುತ್ತದೆ: ಒಪ್ಪಿದ್ದನ್ನು ಪೂರೈಸುವ ಮುಖ್ಯ ಹೊಣೆ ಯಾರದ್ದು, ದಾಸ್ತಾನಿನ ಅಪಾಯ ಯಾರದ್ದು, ಬೆಲೆ ನಿಗದಿ ಯಾರದ್ದು.

ಒಪ್ಪಂದವನ್ನು ಓದಿ ಮುಗಿಸಿದ ಮೇಲೆ ನಾನು ಹೆಚ್ಚು ಹೊತ್ತು ಕಳೆದದ್ದು ವಾಪಸಾತಿ ಪುಸ್ತಕದೊಂದಿಗೆ. ಕಾಗದದಲ್ಲಿ ಬರೆದದ್ದು ಒಂದು, ನಡೆಯುವುದು ಇನ್ನೊಂದು ಆಗಿರುವುದು ಅಪರೂಪವಲ್ಲ. ಗಿರಾಕಿ ಹಿಂದಿರುಗಿಸಿದ ಪ್ರತಿ ಸೀರೆಯ ಎದುರು, ಸಂಘಕ್ಕೆ ಮುಂದಿನ ಬಾರಿ ಕೊಟ್ಟ ಹಣದಲ್ಲಿ 1,700 ಕಡಿತವಾಗಿದೆಯೇ ಎಂದು ನೋಡುತ್ತಾ ಹೋದೆ. ಆಗಿತ್ತು. ತೊಂಬತ್ತು ದಿನ ಮಾರಾಟವಾಗದ ಸೀರೆಗಳೂ ಸಂಘಕ್ಕೇ ಮರಳಿದ್ದವು. ಬಣ್ಣ, ಅಂಚು ಹಳತಾಗಿ ಬೆಲೆ ಕುಸಿದರೆ ನಷ್ಟ ನೇಕಾರರದ್ದು, ನಮ್ಮದಲ್ಲ.

ನಿರ್ದೇಶಕರು ಬಿಡಲಿಲ್ಲ. ಮಳೆಗಾಲದಲ್ಲಿ ಗೋದಾಮಿಗೆ ತೇವ ಹಿಡಿದು ಕೆಲವು ಸೀರೆಗಳು ಬೂಸ್ಟು ಹಿಡಿದಾಗ ನಾವೇ ಸಂಘಕ್ಕೆ ಹಣ ತುಂಬಿದ್ದನ್ನು ನೆನಪಿಸಿದರು. ವಾದ ಚೆನ್ನಾಗಿತ್ತು. ಆದರೆ ಇಸ್ತ್ರಿಗೆ ಕೊಟ್ಟ ಬಟ್ಟೆಯನ್ನು ಸುಟ್ಟರೆ ಇಸ್ತ್ರಿಯವನು ಹಣ ಕೊಡಬೇಕಾಗುತ್ತದೆ, ಅಷ್ಟರಿಂದ ಬಟ್ಟೆ ಅವನದ್ದಾಗುವುದಿಲ್ಲ. ಅದು ಕಾಯ್ದಿಡುವವನ ಹೊಣೆ. ದಾಸ್ತಾನಿನ ಅಪಾಯವೆಂದರೆ ಸರಕು ಮಾರಾಟವಾಗದೆ ಉಳಿಯುವ, ಬೆಲೆ ಬೀಳುವ ಅಪಾಯ.

ಬೆಲೆಯ ವಿಷಯ ಸ್ವಲ್ಪ ಮಸುಕಾಗಿತ್ತು. ಹಬ್ಬಕ್ಕೆ ನಾವು 1,900ಕ್ಕೆ ಇಳಿಸುವುದುಂಟು. ಆದರೆ ಆ ನೂರು ನಮ್ಮ ಕಮಿಷನ್ನಿನಿಂದಲೇ ಹೋಗುತ್ತದೆ. ಮೂಲ ಬೆಲೆ ಸಂಘದ್ದು. ಏಜೆಂಟನಿಗೂ ಬೆಲೆಯಲ್ಲಿ ಅಷ್ಟಿಷ್ಟು ಸ್ವಾತಂತ್ರ್ಯವಿರಬಹುದು ಎಂದು ಮಾನದಂಡವೇ ಒಪ್ಪುತ್ತದೆ. ಹಾಗಾಗಿ ಈ ಒಂದು ಸೂಚನೆಯ ಮೇಲೆ ನಾನು ಹೆಚ್ಚು ಭಾರ ಹಾಕಲಿಲ್ಲ.

ಸೀರೆಯ ಮಟ್ಟಿಗೆ ನಾವು ಏಜೆಂಟ್ ಎಂದು ತೀರ್ಮಾನಿಸಿದೆ. ನಮೂದು ಹೀಗೆ: ಬ್ಯಾಂಕ್ ಖಾತೆ 2,000 ಡೆಬಿಟ್, ಸಂಘಕ್ಕೆ ಕೊಡಬೇಕಾದದ್ದು 1,700 ಕ್ರೆಡಿಟ್, ಕಮಿಷನ್ ಆದಾಯ 300 ಕ್ರೆಡಿಟ್. ಮಾರ್ಚ್ 31ರ ದಾಸ್ತಾನು ಎಣಿಕೆಯಲ್ಲಿ ಸೀರೆಯ ಕಪಾಟುಗಳನ್ನು ಬೇರೆ ಪಟ್ಟಿಗೆ ಹಾಕಿಸಿದೆ, ನಮ್ಮ ಆಸ್ತಿಯೊಳಗೆ ಅವು ಬರಕೂಡದು.

ಅದೇ ಗೋದಾಮಿನ ದೀಪಾವಳಿ ಉಡುಗೊರೆ ಪೆಟ್ಟಿಗೆಯದ್ದು ಬೇರೆ ಕಥೆ. ಗೋಡಂಬಿ, ಹಪ್ಪಳಗಳನ್ನು ಮುಂಗಡವಾಗಿ ಖರೀದಿಸಿ, ನಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುತ್ತೇವೆ. ಉಳಿದರೆ ನಮ್ಮ ತಲೆಗೇ. ಅಲ್ಲಿ ನಾವು ಪ್ರಿನ್ಸಿಪಲ್, ಅಂದರೆ ಸ್ವಂತ ಸರಕು ಮಾರುವವರು. ಪೂರ್ತಿ ಬೆಲೆ ಆದಾಯ, ಖರೀದಿ ವೆಚ್ಚ ಬೇರೆ. ಒಂದೇ ಕಂಪನಿ ಒಂದು ಸರಕಿಗೆ ಏಜೆಂಟ್, ಇನ್ನೊಂದಕ್ಕೆ ಪ್ರಿನ್ಸಿಪಲ್ ಆಗುವುದರಲ್ಲಿ ವಿಚಿತ್ರವೇನಿಲ್ಲ.

ಒಟ್ಟು ವಹಿವಾಟು ಪುಸ್ತಕದಲ್ಲಿ ಗಣನೀಯವಾಗಿ ಇಳಿಯಿತು, ಲಾಭ ಒಂದು ರೂಪಾಯಿಯೂ ಬದಲಾಗಲಿಲ್ಲ. ಸೀರೆಯಲ್ಲಿ ಕಚ್ಚಾ ಲಾಭದ ಪ್ರಮಾಣ ಶೇ 15ರಿಂದ 100ಕ್ಕೆ ಹಾರಿದ್ದನ್ನು ಕಂಡು ಹೂಡಿಕೆದಾರರ ಕಡೆಯ ಹುಡುಗ ಫೋನ್ ಮಾಡಿದ. ಅದೇ ಮುನ್ನೂರನ್ನು ಮೊದಲು ಎರಡು ಸಾವಿರಕ್ಕೆ ಹೋಲಿಸುತ್ತಿದ್ದೆವು, ಈಗ ಮುನ್ನೂರಕ್ಕೇ ಹೋಲಿಸುತ್ತೇವೆ ಎಂದು ವಿವರಿಸಿದೆ.

ಉಳಿದದ್ದು ಜಿಎಸ್‌ಟಿ. ಸೀರೆಯ ಬಿಲ್ಲು ನಮ್ಮ ಹೆಸರಿನಲ್ಲೇ ಹೋಗುವುದರಿಂದ ರಿಟರ್ನ್‌ನಲ್ಲಿ ಪೂರ್ತಿ 2,000 ತೋರಿಸಲೇಬೇಕು. ಪುಸ್ತಕದಲ್ಲಿ 300. ತೆರಿಗೆಯ ಕಾನೂನು ಬಿಲ್ಲನ್ನು ನೋಡುತ್ತದೆ, ಲೆಕ್ಕದ ಮಾನದಂಡ ನಿಯಂತ್ರಣವನ್ನು. ಆದ್ದರಿಂದ ಎರಡರ ನಡುವಿನ ವ್ಯತ್ಯಾಸಕ್ಕೆ ತಿಂಗಳು ತಿಂಗಳು ಒಂದು ತಾಳೆಪಟ್ಟಿ ಇಡುತ್ತೇನೆ. ನೋಟಿಸ್ ಬಂದ ದಿನ ಕೂತು ಹುಡುಕುವುದು ನನ್ನಿಂದಾಗದ ಕೆಲಸ.