‘ಒಂದು ಕಥೆ ಕೊಡಿ’ ಎಂದಷ್ಟೇ ಕೇಳಿದಾಗ

ಡೊಂಬಿವಲಿಯ ನಮ್ಮ ಮನೆಗೆ ಕಳೆದ ಜೂನ್ ತಿಂಗಳ ಒಂದು ರಾತ್ರಿ ದೂರವಾಣಿ ಕರೆ ಬಂತು. ಮುಂಬಯಿಯ ಉಪನಗರವೊಂದರಲ್ಲಿರುವ ಕನ್ನಡ ಸಂಘದ ಕಾರ್ಯದರ್ಶಿಗಳು ಆ ಕಡೆಯಿಂದ ಮಾತನಾಡುತ್ತಿದ್ದರು. “ನಮ್ಮ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿಮ್ಮದೊಂದು ಕಥೆ ಬೇಕಿತ್ತು ಮಾರಾಯ್ರೆ” ಎಂದರು. ಎಂಥ ಕಥೆ ಬೇಕೆಂದು ಕೇಳಿದೆ. “ಎಂಥದ್ದಾದರೂ ಆಗ್ತದೆ. ನೀವು ಬರೆದದ್ದಾದರೆ ಸಾಕು. ಚೌತಿಯ ಮೊದಲು ಕೈಗೆ ಸಿಕ್ಕಿದರೆ ಆಯಿತು” ಎಂದು ಹೇಳಿ ಫೋನಿಟ್ಟರು.

‘ಎಂಥದ್ದಾದರೂ ಆಗ್ತದೆ’ ಎಂಬ ಮಾತನ್ನು ನಾನು ಒಮ್ಮೆ ಅಕ್ಷರಶಃ ನಂಬಿ ಕೆಟ್ಟಿದ್ದೇನೆ. ಹಲವು ವರ್ಷಗಳ ಹಿಂದೆ ಬೇರೊಂದು ಸಂಚಿಕೆಗೆ, ಹೀಗೆಯೇ ಯಾವ ಸೂಚನೆಯೂ ಇಲ್ಲದೆ ಕೇಳಿದಾಗ, ನಾಲ್ಕು ಸಾವಿರ ಪದಗಳ ಕಥೆಯೊಂದನ್ನು ಕೊಟ್ಟಿದ್ದೆ. ಅದರ ಕೊನೆಯಲ್ಲಿ ಹೋಟೆಲಿನ ಮುದಿ ಅಡುಗೆಯವನೊಬ್ಬ ಸಾಯುತ್ತಿದ್ದ. ಸಂಚಿಕೆ ಬಂದಿದ್ದು ಮಕ್ಕಳ ಪ್ರತಿಭಾ ಪುರಸ್ಕಾರದ ಸಮಾರಂಭಕ್ಕೆ. ಜಾಹೀರಾತುಗಳು ಕೊನೆಯ ಗಳಿಗೆಯಲ್ಲಿ ಹೆಚ್ಚಿದ್ದರಿಂದ ಪುಟ ಕಟ್ಟುವವರು ಕಥೆಯ ಕೊನೆಯ ಒಂದೂವರೆ ಅಂಕಣವನ್ನು ಕತ್ತರಿಸಿದ್ದರು. ಹೀಗಾಗಿ ನನ್ನ ಅಡುಗೆಯವನು ಸಾಯಲೂ ಇಲ್ಲ, ಬದುಕಲೂ ಇಲ್ಲ, ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಉಳಿದ. ಕತ್ತರಿಸಿದವರ ಮೇಲೆ ಅಂದು ಸಿಟ್ಟು ಬಂದಿತ್ತು. ಎಷ್ಟು ಜಾಗವಿದೆ, ಯಾರು ಓದುತ್ತಾರೆ ಎಂದು ವಿಚಾರಿಸದೆ ಬರೆದದ್ದು ನಾನೇ ಎಂಬುದು ಹೊಳೆಯಲು ಕೆಲವು ಕಾಲ ಹಿಡಿಯಿತು.

ಆದ್ದರಿಂದ ಈ ಬಾರಿ ಕೇಳಬೇಕೆಂದುಕೊಂಡೆ. ಆದರೆ ಉದ್ದವೋ ಗಿಡ್ಡವೋ, ಹಾಸ್ಯವೋ ಗಂಭೀರವೋ, ದೊಡ್ಡವರಿಗೋ ಮಕ್ಕಳಿಗೋ, ಸುಖಾಂತವೋ ದುಃಖಾಂತವೋ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿದರೆ, ಜಾಹೀರಾತು ಕೂಡಿಸುವ ಓಡಾಟದಲ್ಲಿರುವ ಕಾರ್ಯದರ್ಶಿಗಳಿಗೆ ಅದೊಂದು ಪರೀಕ್ಷೆಯ ಪತ್ರಿಕೆಯಂತೆ ಕಾಣುತ್ತದೆ. ಅವರು ‘ಒಳ್ಳೆಯದು ಕೊಡಿ’ ಎಂದು ಮುಗಿಸುತ್ತಾರೆ. ಕೇಳುವವರಿಗೆ ತಮಗೆ ಬೇಕಾದದ್ದು ಗೊತ್ತಿರುವುದಿಲ್ಲವೆಂದಲ್ಲ. ಗೊತ್ತಿರುತ್ತದೆ, ಆದರೆ ಅದು ‘ಪ್ರಕಾರ’, ‘ಮುಕ್ತಾಯ’ ಎಂಬ ಹೆಸರುಗಳಲ್ಲಿ ಅವರ ಮನಸ್ಸಿನಲ್ಲಿರುವುದಿಲ್ಲ. ಹಾಗಾಗಿ ಅವರು ಯೋಚಿಸದೆಯೇ ಉತ್ತರಿಸಬಲ್ಲ ಎರಡೇ ವಿಷಯ ಕೇಳಿದೆ. ಹೋದ ಸಂಚಿಕೆಯ ಒಂದು ಪ್ರತಿ ಸಿಗಬಹುದೇ? ಸಂಚಿಕೆ ಮನೆಗೆ ಬಂದ ಮೇಲೆ ನಿಮ್ಮಲ್ಲಿ ಯಾರು ಓದುತ್ತಾರೆ? ಮೊದಲನೆಯದಕ್ಕೆ ಮರುದಿನವೇ ಪ್ರತಿ ಬಂತು. ಎರಡನೆಯದಕ್ಕೆ ಅವರು ನಕ್ಕು, “ನಾನು, ನನ್ನ ಹೆಂಡತಿ ಓದುತ್ತೇವೆ. ಮೊಮ್ಮಗಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅವಳು ಕೇಳಿಸಿಕೊಳ್ಳುತ್ತಾಳೆ, ಅವಳ ಅಜ್ಜಿ ಓದಿ ಹೇಳಿದರೆ” ಎಂದರು. ನನ್ನ ನಾಲ್ಕು ಅನುಮಾನಗಳ ಪೈಕಿ ಒಂದು ಆ ನಗೆಯಲ್ಲಿಯೇ ಬಗೆಹರಿಯಿತು. ಓದುಗರ ವಯಸ್ಸು ಅರವತ್ತೂ ಹೌದು, ಹತ್ತೂ ಹೌದು, ಮತ್ತು ಹತ್ತರ ವಯಸ್ಸಿನವರು ಕಣ್ಣಿನಿಂದಲ್ಲ, ಕಿವಿಯಿಂದ ಓದುತ್ತಾರೆ.

ಉದ್ದವನ್ನು ಹಳೆಯ ಸಂಚಿಕೆಯಿಂದ ಅಳೆದೆ. ಪುಟಕ್ಕೆ ಎರಡು ಅಂಕಣ, ಅಂಕಣಕ್ಕೆ 40 ಸಾಲು, ಸಾಲಿಗೆ ಸರಾಸರಿ ನಾಲ್ಕು ಪದ, ಅಂದರೆ ಪುಟಕ್ಕೆ 320 ಪದಗಳು. ಅದರಲ್ಲಿದ್ದ ಎರಡು ಕಥೆಗಳಿಗೂ ನಾಲ್ಕು ಪುಟ ಕೊಟ್ಟಿದ್ದರು, ಚಿತ್ರ ಮತ್ತು ಶೀರ್ಷಿಕೆಗೆ ಅರ್ಧ ಪುಟ ಹೋಗಿತ್ತು. ಮೂರೂವರೆ ಪುಟಕ್ಕೆ 1,120 ಪದಗಳಾಗುತ್ತವೆ, ನಾನು 1,100 ಎಂದು ಇಟ್ಟುಕೊಂಡೆ. ನನ್ನ ಓದಿನ ವೇಗದಲ್ಲಿ ಅದನ್ನು ಗಟ್ಟಿಯಾಗಿ ಓದಲು ಸುಮಾರು ಹತ್ತು ನಿಮಿಷ ಬೇಕು. ಊಟವಾದ ಮೇಲೆ ಮಗುವೊಂದು ಕೂತು ಕೇಳಬಹುದಾದ ಕಾಲವೂ ಹೆಚ್ಚು ಕಡಿಮೆ ಅಷ್ಟೇ.

ವಸ್ತುವನ್ನು ಆರಿಸುವಾಗ ಇಬ್ಬರೂ ಒಳಗೆ ಬರಬಹುದಾದ ಬಾಗಿಲು ಬೇಕಿತ್ತು. ಕುಂದಾಪುರದ ಕಡೆಯ ಅಜ್ಜನೊಬ್ಬ ಮೇ ರಜೆ ಮುಗಿಸಿದ ಮೊಮ್ಮಗಳನ್ನು ಮುಂಬಯಿಗೆ ಬಿಡಲು ಮತ್ಸ್ಯಗಂಧ ರೈಲಿನಲ್ಲಿ ಹೊರಟಿದ್ದಾನೆ, ಜೊತೆಗೆ ಗೋಣಿಚೀಲದಲ್ಲಿ ಒಂದು ಹಲಸಿನ ಹಣ್ಣು. ಅದು ಮನೆಗಲ್ಲ. ಮುಂಬಯಿಯ ಕೋಟೆ ಪ್ರದೇಶದ ಹೋಟೆಲಿನಲ್ಲಿ ತನ್ನ ಜೊತೆ ಲೋಟ ತೊಳೆದು, ರಾತ್ರಿಶಾಲೆಗೆ ಹೋಗುತ್ತಿದ್ದ ಗೆಳೆಯನಿಗೆ. ಆತ ಇರುವುದು ಠಾಣೆಯ ಒಂದು ಚಾಳಿನಲ್ಲಿ. ನಸುಕಿನಲ್ಲಿ ಠಾಣೆಯಲ್ಲಿ ಇಳಿದು ಹುಡುಕಿಕೊಂಡು ಹೋದರೆ ಚಾಳೇ ಇಲ್ಲ. ಅಲ್ಲಿ ತಗಡಿನ ಬೇಲಿ, ಒಳಗೆ ಎದ್ದು ನಿಲ್ಲುತ್ತಿರುವ ಗೋಪುರ.

ಇಲ್ಲಿ ಒಂದು ವಿಷಯ ಹೇಳಬೇಕು. ಸೂಚನೆಯಿಲ್ಲದ ಕಥೆಯಲ್ಲಿ ಬರೆಯುವವರು ಊಹಿಸುವ ನಾಲ್ಕು ಸಂಗತಿಗಳೂ ಸಮನಾಗಿಲ್ಲ. ಉದ್ದವನ್ನು ಬರೆದಾದ ಮೇಲೂ ಬದಲಿಸಬಹುದು. ಮುಕ್ತಾಯವನ್ನು ಕಷ್ಟಪಟ್ಟು ಬದಲಿಸಬಹುದು. ಆದರೆ ಕಥೆಯನ್ನು ಯಾರ ಕಣ್ಣಿನಿಂದ ಹೇಳುತ್ತೇವೆ ಎಂಬುದನ್ನು ಬದಲಿಸಿದರೆ ಕಥೆಯನ್ನೇ ಮರಳಿ ಬರೆಯಬೇಕಾಗುತ್ತದೆ, ಓದುಗರ ವಯಸ್ಸು ಅಂಟಿಕೊಂಡಿರುವುದು ಅದಕ್ಕೆ. ಆದ್ದರಿಂದ ನಾನು ಹೆಚ್ಚು ದಿನ ಕಳೆದದ್ದು ಅಲ್ಲಿಯೇ. ಮೊದಲು ಅಜ್ಜನ ಕಣ್ಣಿನಿಂದ ಬರೆದೆ. ಬರೆದದ್ದು ನೆನಪುಗಳ ರಾಶಿಯಾಯಿತು. ಎರಡನೆಯ ಪುಟದವರೆಗೂ ಅಜ್ಜ ರೈಲು ಹತ್ತಲಿಲ್ಲ. ಅದರ ಒಂದು ವಾಕ್ಯ ಹೀಗಿತ್ತು: “ಬಾಲ್ಯದ ಸ್ಮೃತಿಪಟಲದಲ್ಲಿ ಅಚ್ಚಳಿಯದೆ ಉಳಿದಿದ್ದ ಆ ಮಧುರ ಪರಿಮಳ ಬೋಗಿಯ ತುಂಬ ಪಸರಿಸಿತು.” ಪಕ್ಕದ ಮನೆಯ ಹುಡುಗಿಗೆ ಇದನ್ನು ಓದಿ ಹೇಳಿದಾಗ ಅವಳು ತೋರುಬೆರಳಿನಿಂದ ಮೇಜಿನ ಮೇಲೆ ಏನೋ ಗೀಚತೊಡಗಿದಳು. ಕೇಳುವವರು ಕಥೆಯಿಂದ ಇಳಿದುಹೋದದ್ದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಎರಡನೆಯ ಸಲ ಹನ್ನೊಂದು ವರ್ಷದ ಮೊಮ್ಮಗಳ ಕಣ್ಣಿನಿಂದ ಬರೆದೆ. ಅದೇ ವಾಕ್ಯ ಹೀಗಾಯಿತು: “ಮಡಗಾಂವ್ ದಾಟುವಷ್ಟರಲ್ಲಿ ಗೋಣಿಯೊಳಗಿನ ಹಲಸು ತಾನಿಲ್ಲಿದ್ದೇನೆಂದು ಇಡೀ ಬೋಗಿಗೆ ಹೇಳಿಬಿಟ್ಟಿತು.” ಹುಡುಗಿ ತಲೆಯೆತ್ತಿದಳು. ಅಜ್ಜ ಯಾಕೆ ಗೋಣಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಾನೆ ಎಂಬುದು ಮೊಮ್ಮಗಳಿಗೆ ಪೂರ್ತಿ ಅರ್ಥವಾಗುವುದಿಲ್ಲ, ಓದುತ್ತಿರುವ ಅಜ್ಜಿಗೆ ಅರ್ಥವಾಗುತ್ತದೆ. ಒಂದೇ ಸಾಲಿನಲ್ಲಿ ಇಬ್ಬರಿಗೂ ಬೇರೆ ಬೇರೆ ಪಾಲು ಸಿಕ್ಕಿತು.

ಪ್ರಕಾರ ಯಾವುದೆಂಬ ಪ್ರಶ್ನೆಗೆ ನಾನು ಪ್ರತ್ಯೇಕವಾಗಿ ಉತ್ತರ ಹುಡುಕಲೇ ಇಲ್ಲ, ಆ ಸಾಲು ಬಂದ ಕೂಡಲೇ ಅದು ತೀರ್ಮಾನವಾಗಿತ್ತು. ಹಲಸು ಬೋಗಿಯೊಡನೆ ಮಾತನಾಡುವ ಕಥೆ ನವಿರಾದ ನಗೆಯ ಮಾತು ಕೊಟ್ಟಾಗಿದೆ, ಮುಂದೆ ಅದನ್ನು ಮೀರುವಂತಿಲ್ಲ.

ಮುಕ್ತಾಯದಲ್ಲಿ ತೊಡಕಾದದ್ದು ಇದೇ ಕಾರಣಕ್ಕೆ. ಮೊದಲ ಕರಡಿನಲ್ಲಿ ಗೆಳೆಯ ತೀರಿಕೊಂಡಿದ್ದ. ಬೇಲಿಯ ಬಳಿಯ ಕಾವಲುಗಾರ ಆ ಸುದ್ದಿ ಹೇಳುತ್ತಿದ್ದ. ಗಟ್ಟಿಯಾಗಿ ಓದಿ ನೋಡಿದಾಗ ಸಾವು ಹೊರಗಿನಿಂದ ತಂದು ಇಟ್ಟಂತೆ ಕೇಳಿಸಿತು. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ದುಃಖಕ್ಕೆ ಜಾಗವಿಲ್ಲವೆಂದು ಅದನ್ನು ತೆಗೆದೆನೆಂದು ಯಾರಾದರೂ ಹೇಳಿದರೆ ಪೂರ್ತಿ ಅಲ್ಲಗಳೆಯಲಾರೆ, ಆದರೆ ಮುಖ್ಯ ಕಾರಣ ಮೊದಲ ಪುಟದ ಸ್ವರ. ಎರಡನೆಯ ಕರಡಿನಲ್ಲಿ ಗೆಳೆಯ ಮಗನ ಜೊತೆ ವಿರಾರಿಗೆ ಹೋಗಿದ್ದಾನೆ. ವಿಳಾಸ ಕಾವಲುಗಾರನಿಗೆ ಗೊತ್ತಿಲ್ಲ. ಹಣ್ಣು ಇನ್ನೊಂದು ದಿನ ತಡೆಯುವುದಿಲ್ಲ. ಅಜ್ಜ ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಬೇಲಿಯ ಪಕ್ಕದಲ್ಲೇ ಹಣ್ಣು ಕಡಿದು, ಕಾವಲುಗಾರನಿಗೂ ಇಟ್ಟಿಗೆ ಹೊರುವವರಿಗೂ ಸೊಳೆ ಹಂಚುತ್ತಾನೆ. ಮೊಮ್ಮಗಳ ಬೆರಳಿಗೆ ಮೇಣ ಅಂಟಿ, ಮನೆ ಸೇರುವವರೆಗೂ ಹೋಗುವುದಿಲ್ಲ. ಅಲ್ಲಿಗೆ ನಿಲ್ಲಿಸಿದೆ.

ಕಥೆಯ ಜೊತೆಗೆ ಕಾರ್ಯದರ್ಶಿಗಳಿಗೆ ಒಂದು ಸಣ್ಣ ಚೀಟಿ ಬರೆದೆ. ನಾನು ಊಹಿಸಿಕೊಂಡದ್ದನ್ನು ಅವರು ನೋಡುವಂತೆ ಮುಂದಿಡುವುದೇ ಅದರ ಉದ್ದೇಶ: “ಮನೆಯಲ್ಲಿ ಹಿರಿಯರು ಓದಿ, ಮಕ್ಕಳು ಕೇಳುತ್ತಾರೆಂದು ಇಟ್ಟುಕೊಂಡು ನಾಲ್ಕು ಪುಟಕ್ಕೆ ಬರೆದಿದ್ದೇನೆ. ಹಗುರವಾದ ಕಥೆ, ಗೆಳೆಯರು ಕೊನೆಗೂ ಭೇಟಿಯಾಗುವುದಿಲ್ಲ. ಜಾಗ ಸಾಲದಿದ್ದರೆ ಟಿಕೆಟ್ ತಪಾಸಣೆಯವರ ಪ್ರಸಂಗವನ್ನು ಪೂರ್ತಿ ತೆಗೆಯಿರಿ, ಕೊನೆಯಿಂದ ಕತ್ತರಿಸಬೇಡಿ.” ಆ ಪ್ರಸಂಗ 160 ಪದಗಳದ್ದು, ಅಂದರೆ ಸರಿಯಾಗಿ ಅರ್ಧ ಪುಟ. ಹಣ್ಣಿಗೂ ಟಿಕೆಟ್ ಮಾಡಿಸಬೇಕೆಂದು ತಪಾಸಣೆಯವರು ತಮಾಷೆ ಮಾಡಿ ಹೋಗುತ್ತಾರೆ. ಅದರ ಹಿಂದಿನ ಮತ್ತು ಮುಂದಿನ ಪ್ಯಾರಾಗಳು ನೇರವಾಗಿ ಕೂಡಿಕೊಳ್ಳುವಂತೆ ಮೊದಲೇ ನೋಡಿಕೊಂಡಿದ್ದೆ.

ನಾಲ್ಕು ದಿನಗಳ ನಂತರ ಅವರು ಕರೆ ಮಾಡಿದರು. ಜೂನ್‌ನಲ್ಲಿ ‘ಎಂಥದ್ದಾದರೂ’ ಎಂದಿದ್ದವರಿಗೆ ಈಗ ಖಚಿತವಾದ ಅಭಿಪ್ರಾಯವಿತ್ತು. ಬರೆದದ್ದು ಕಣ್ಣೆದುರಿಗೆ ಬಂದ ಮೇಲೆಯೇ ಬೇಕಾದದ್ದು ಏನೆಂದು ಹೆಚ್ಚಿನವರಿಗೆ ತಿಳಿಯುತ್ತದೆ, ಇದರಲ್ಲಿ ಅವರ ತಪ್ಪೇನೂ ಇಲ್ಲ. “ಅಷ್ಟು ದೂರದಿಂದ ಹೊತ್ತು ತಂದದ್ದು, ಆ ಗೆಳೆಯ ಸಿಗಬೇಕಿತ್ತು ಅಲ್ವಾ? ನನ್ನ ಹೆಂಡತಿಗೆ ಸಮಾಧಾನವೇ ಆಗಲಿಲ್ಲ” ಎಂದರು. ವಿರಾರಿನಿಂದ ಗೆಳೆಯನನ್ನು ಎಬ್ಬಿಸಿಕೊಂಡು ಬಂದು ಠಾಣೆಯಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಮಾಡಿದರೆ ಬೇಲಿಯ ಪಕ್ಕದಲ್ಲಿ ಹಂಚಿದ ಸೊಳೆಗಳು ವ್ಯರ್ಥವಾಗುತ್ತಿದ್ದವು. ಆದರೆ ಅವರ ಹೆಂಡತಿ ಕೇಳಿದ್ದು ಭೇಟಿಯನ್ನಲ್ಲ, ಆತ ಇದ್ದಾನೆಂಬ ಒಂದು ಗುರುತನ್ನು ಎಂದು ನನಗನ್ನಿಸಿತು. ಆದ್ದರಿಂದ ನಲವತ್ತು ಪದಗಳನ್ನು ಸೇರಿಸಿದೆ. ಸೊಳೆ ತಿಂದ ಇಟ್ಟಿಗೆಯವನೊಬ್ಬ ಗುತ್ತಿಗೆದಾರನ ಬಳಿ ಹಳೆಯ ಬಾಡಿಗೆದಾರರ ಸಂಖ್ಯೆಗಳಿವೆ ಎನ್ನುತ್ತಾನೆ. ಮೊಮ್ಮಗಳು ಮೇಣದ ಬೆರಳಿನಲ್ಲೇ ಅಂಕಿಗಳನ್ನು ಒತ್ತುತ್ತಾಳೆ. ಆ ಕಡೆಯ ಮುದಿದನಿ ಯಾರೆಂದು ಕೇಳಿ, ಒಂದು ಕ್ಷಣ ಸುಮ್ಮನಿದ್ದು, “ತಂದದ್ದು ಬಕ್ಕೆಯಾ, ತುಳುವನಾ?” ಎಂದು ವಿಚಾರಿಸುತ್ತದೆ. ಬಕ್ಕೆ ಎಂದರೆ ಗಟ್ಟಿ ಸೊಳೆಯದು, ತುಳುವ ಎಂದರೆ ಮೆತ್ತಗಿನದು ಎಂಬುದನ್ನು ರೈಲಿನಲ್ಲಿಯೇ ಅಜ್ಜನ ಬಾಯಿಂದ ಹೇಳಿಸಲು ಮೊದಲ ಪುಟಕ್ಕೆ ಹಿಂತಿರುಗಿ ಎರಡು ಸಾಲು ಸೇರಿಸಬೇಕಾಯಿತು, ಇಲ್ಲದಿದ್ದರೆ ಮುಂಬಯಿಯ ಮಕ್ಕಳಿಗೆ ಆ ಪ್ರಶ್ನೆ ಬರೀ ಸದ್ದಾಗುತ್ತಿತ್ತು.

ಸಂಚಿಕೆ ಅಚ್ಚಾಗಿ ಬಂದಾಗ ನನ್ನ ಕಥೆಯ ಮೂರನೆಯ ಪುಟದ ಕೆಳಗಿನ ಅರ್ಧವನ್ನು ಒಂದು ಕೇಟರಿಂಗ್ ಸಂಸ್ಥೆಯ ಜಾಹೀರಾತು ಹಿಡಿದುಕೊಂಡಿತ್ತು, ಟಿಕೆಟ್ ತಪಾಸಣೆಯವರು ಕಾಣೆಯಾಗಿದ್ದರು. ಕೊನೆಯ ಪುಟದಲ್ಲಿ ಮುದಿದನಿಯ ಪ್ರಶ್ನೆ ಮಾತ್ರ ತನ್ನ ಜಾಗದಲ್ಲಿಯೇ ಇತ್ತು.