ಒಂದು ಫಾಲ್ಸ್‌ಗೆ ಎಷ್ಟು ಹೊತ್ತು?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು ಸ್ತ್ರೀಶಕ್ತಿ ಸಂಘದವರು ಮನೆಯಲ್ಲೇ ಮಾಡುವ ಕೆಲಸದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದರು. ನಾನು ಮೊದಲು ಒಬ್ಬ ಅಕ್ಕನ ಕೈಗೆ ಸೀರೆ, ಫಾಲ್ಸ್, ಸೂಜಿ ದಾರ ಕೊಟ್ಟೆ. "ನೀವು ಹೊಲೀತಾ ಇರಿ, ನಾವು ಟೈಮ್ ನೋಡ್ತೀವಿ" ಅಂದೆ. ಎರಡೂ ಅಂಚು ಕೈಹೊಲಿಗೆ ಮುಗಿಯುವಾಗ 40 ನಿಮಿಷ ಆಗಿತ್ತು.

ಆ ಅಕ್ಕ ಅರ್ಧ ಗಂಟೆ ಅಂದುಕೊಂಡಿದ್ದರು. ನಾನೂ ಹಿಂದೆ ಹಾಗೇ ಅಂದುಕೊಂಡಿದ್ದೆ. ಫಾಲ್ಸ್ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಫಾಲ್ಸ್ ಕುಗ್ಗಿ ಸೀರೆ ಸುಕ್ಕಾಗುತ್ತದೆ. ಒಣಗುವ ಹೊತ್ತು ಬಿಟ್ಟು ಅದಕ್ಕೆ 10 ನಿಮಿಷ. ನಾನು ಆರಾರು ಸೀರೆ ತರುತ್ತಿದ್ದೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ, ಆದರೆ ಅಂಗಡಿಗೆ ಹೋಗಿ ಬರೋಕೆ ಒಂದು ಗಂಟೆ. ಸೀರೆಗೆ ಇನ್ನೂ 10 ನಿಮಿಷ ಸೇರಿತು. ಅಲ್ಲಿಗೆ ಒಂದು ಸೀರೆಗೆ ಪೂರಾ ಒಂದು ಗಂಟೆ.

ಅಂಗಡಿಯವರು ಕೊಡುತ್ತಿದ್ದದ್ದು 25 ರೂಪಾಯಿ. ದಾರ ನಮ್ಮದೇ, ಅದಕ್ಕೆ 2 ರೂಪಾಯಿ ಹೋದರೆ ಗಂಟೆಗೆ 23, ಎಂಟು ಗಂಟೆಗೆ 184. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ಇತ್ತು. ಎಂಟು ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 44. ಅದಕ್ಕಿಂತ ಕಡಿಮೆಗೆ ಮಾಡಬಾರದು ಅಂತ ಆ ಅಂಗಡಿಗೆ ಫಾಲ್ಸ್ ಹೊಲಿಯುತ್ತಿದ್ದ ನಾವು ಆರು ಜನ ಕೂತು ತೀರ್ಮಾನ ಮಾಡಿದೆವು.

ಒಬ್ಬೊಬ್ಬರೇ ಹೋಗಿ ಕೇಳಿದ್ದರೆ "ಬೇರೆಯವರು ಮಾಡ್ತಾರೆ ಬಿಡಮ್ಮ" ಅನ್ನುತ್ತಿದ್ದರು. ಆರೂ ಜನ ಒಟ್ಟಿಗೆ ಹೋಗಿ, ಚೀಟಿಯಲ್ಲಿ ಬರೆದ ಲೆಕ್ಕ ತೋರಿಸಿದೆವು. "ಅಣ್ಣಾ, 46 ಕೊಡಿ" ಅಂದೆವು. ಅವರು 40ಕ್ಕೆ ನಿಂತರು. ಹಾಗಾದರೆ ಸೀರೆ ನಿಮ್ಮ ಹುಡುಗನೇ ತಂದು ಕೊಟ್ಟು, ತಗೊಂಡು ಹೋಗಲಿ ಅಂದೆವು. ಒಪ್ಪಿದರು. ಓಡಾಟ ತಪ್ಪಿ 50 ನಿಮಿಷಕ್ಕೆ 38 ಉಳಿಯಿತು, ಗಂಟೆಗೆ 45 ದಾಟಿತು. ರೇಟು ಜಾಸ್ತಿ ಮಾಡಿಸೋಕೆ ಆಗದಿದ್ದರೆ ಹೊತ್ತು ಉಳಿಸಿಕೊಳ್ಳಬಹುದು, ಅಲ್ವಾ?

ದುಡ್ಡು ನಿಲ್ಲಿಸುವುದು ಇನ್ನೊಂದು ತೊಂದರೆ. ಹಿಂದೆ ಒಂದು ಅಂಗಡಿಯಲ್ಲಿ ನನ್ನ ಎರಡು ತಿಂಗಳ ಬಾಕಿ ಬರಲೇ ಇಲ್ಲ, ನನ್ನ ಹತ್ತಿರ ಬರಹ ಏನೂ ಇರಲಿಲ್ಲ. ಈಗ ಕಾರ್ಬನ್ ಇಟ್ಟು ಬರೆಯುತ್ತೇವೆ: ತಾರೀಖು, ಎಷ್ಟು ಸೀರೆ, ಬಣ್ಣ, ರೇಟು, ಮೊದಲೇ ಇದ್ದ ಕಲೆ ಅಥವಾ ಹರಕು. ಹುಡುಗನ ಸಹಿ ಬೇಕೇ ಬೇಕು. ಶನಿವಾರ ಬಾಕಿ ತೀರದಿದ್ದರೆ ಸೋಮವಾರ ಹೊಸ ಗಂಟು ಇಳಿಸಿಕೊಳ್ಳುವುದಿಲ್ಲ.

ಮೊಬೈಲಿಗೆ ಬರುವ ಪೆನ್ಸಿಲ್ ಪ್ಯಾಕಿಂಗ್ ಕೆಲಸದ ಬಗ್ಗೆ ಒಬ್ಬ ಹುಡುಗಿ ಕೇಳಿದಳು. ಮೊದಲು ಫೀ ಕಟ್ಟಿ ಅಂದರೆ ಅಲ್ಲಿಗೇ ಬಿಟ್ಟುಬಿಡು ಅಂದೆ.

ಆಷಾಢದಲ್ಲಿ ಮದುವೆ ಇಲ್ಲ, ಸೀರೆಯೂ ಬರುವುದಿಲ್ಲ. ಹಾಗಾಗಿ ಶಾಲೆ ಶುರುವಾಗುವ ಮುಂಚೆಯೇ ಯೂನಿಫಾರ್ಮ್ ಹೊಲಿಯುವ ಟೈಲರ್ ಹತ್ತಿರ ಗುಂಡಿ, ಹುಕ್ಕು ಹಾಕುವ ಕೆಲಸ ಮಾತಾಡಿ ಇಟ್ಟುಕೊಳ್ಳುತ್ತೇವೆ. ಅದಕ್ಕೂ ರೇಟು ಹೇಳುವ ಮೊದಲು ಒಂದು ಷರ್ಟಿಗೆ ಟೈಮ್ ನೋಡುತ್ತೇವೆ.