ಟಚ್‌ಅಪ್ ಮೇಜಿನ ಸಂಬಳ ಯಾವ ಲೆಕ್ಕಕ್ಕೆ? ಗುಣಮಟ್ಟದ ಖರ್ಚನ್ನು ಬಿಡಿಸುವ ಬಗೆ

ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡು, ಅಂದರೆ ಪಿಸಿಬಿ, ಜೋಡಿಸುವ ಸಣ್ಣ ಯೂನಿಟ್‌ಗೆ ಹೋಗಿ, ಕೆಟ್ಟ ಬೋರ್ಡುಗಳಿಂದ ತಿಂಗಳಿಗೆ ಎಷ್ಟು ಹಣ ಹೋಗುತ್ತದೆ ಎಂದು ಕೇಳಿ ನೋಡಿ. ಸ್ಕ್ರ್ಯಾಪ್ ರಿಜಿಸ್ಟರ್ ತೆಗೆಯುತ್ತಾರೆ. ಅದಕ್ಕೆ ಗ್ರಾಹಕರಿಗೆ ಕೊಟ್ಟ ಕ್ರೆಡಿಟ್ ನೋಟ್ ಕೂಡಿಸುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯಿತು. ನಾನು ನೋಡಿದ ಕಡೆಯೆಲ್ಲ ಜನ ಎಡವುವುದು ಇಲ್ಲೇ. ದೊಡ್ಡ ಮೊತ್ತ ಸಂಬಳದ ಪಟ್ಟಿಯಲ್ಲಿ ‘ಉತ್ಪಾದನೆ’ ಎಂಬ ಹೆಸರಿನಡಿ ಕೂತಿರುತ್ತದೆ. ಅದನ್ನು ಹೊರಗೆ ತೆಗೆಯುವುದು ಹೇಗೆ ಎಂದು ಹೇಳುವುದಕ್ಕೇ ಈ ಲೇಖನ.

ಇದರ ಮೂಲ ಚೌಕಟ್ಟು ಹಳೆಯದು. ಜಿಇ ಕಂಪನಿಯಲ್ಲಿದ್ದ ಅಮೆರಿಕದ ಅರ್ಮಾಂಡ್ ಫೈಗನ್‌ಬಾಮ್ 1956ರಲ್ಲಿ ಗುಣಮಟ್ಟದ ಖರ್ಚನ್ನು ಮೂರು ಭಾಗ ಮಾಡಿ ತೋರಿಸಿದರು. ತಪ್ಪು ಆಗದಂತೆ ತಡೆಯುವ ಖರ್ಚು, ತಪ್ಪಿದೆಯೇ ಎಂದು ನೋಡುವ ತಪಾಸಣೆ ಖರ್ಚು, ತಪ್ಪಾದ ಮೇಲೆ ತೆರುವ ಖರ್ಚು. ಕೊನೆಯದರಲ್ಲಿ ಎರಡು ಬಗೆ: ಬೋರ್ಡು ಗೇಟಿನೊಳಗೆ ಇರುವಾಗಲೇ ಸಿಕ್ಕಿದ ತಪ್ಪು, ಗ್ರಾಹಕರ ಕೈಗೆ ಹೋದ ಮೇಲೆ ಸಿಕ್ಕಿದ ತಪ್ಪು.

ಒಂದು ಯೂನಿಟ್ ಇದೆ ಅಂದುಕೊಳ್ಳಿ. ಅಂಕಿಗಳು ಲೆಕ್ಕ ತೋರಿಸಲು ನಾನು ಹಿಡಿದವು, ಆದರೆ ಚಿತ್ರ ಎಲ್ಲ ಕಡೆ ಹೀಗೇ ಇರುತ್ತದೆ. ತಿಂಗಳಿಗೆ 20,000 ಕಂಟ್ರೋಲರ್ ಬೋರ್ಡು, ಒಂದಕ್ಕೆ 400 ರೂಪಾಯಿ, ಅಂದರೆ 80 ಲಕ್ಷದ ಬಿಲ್ಲು. ಮಾಲೀಕರ ಲೆಕ್ಕದಲ್ಲಿ ಸ್ಕ್ರ್ಯಾಪ್ 48,000, ಕ್ರೆಡಿಟ್ ನೋಟ್ 62,000. ಒಟ್ಟು 1,10,000. ‘ಒಂದೂವರೆ ಪರ್ಸೆಂಟೂ ಇಲ್ಲ, ಪರವಾಗಿಲ್ಲ’ ಅನ್ನುತ್ತಾರೆ.

ಮೊದಲು: ಒಂದು ತಿಂಗಳು, ಒಂದು ಲೈನ್

ಇಡೀ ಕಾರ್ಖಾನೆಯನ್ನು ಒಟ್ಟಿಗೆ ಹಿಡಿಯಬೇಡಿ. ಮುಗಿದ ಒಂದು ತಿಂಗಳನ್ನು, ಒಂದು ಲೈನನ್ನು ತೆಗೆದುಕೊಳ್ಳಿ. ಸಂಬಳದ ಪಟ್ಟಿ, ಸ್ಟೋರ್ಸ್‌ನ ಇಶ್ಯೂ ರಿಜಿಸ್ಟರ್, ಕೊರಿಯರ್ ಬಿಲ್ಲುಗಳು, ಟೆಸ್ಟ್ ಯಂತ್ರದ ಕೌಂಟರ್ ಸಂಖ್ಯೆ, ಇಷ್ಟು ಸಾಕು. ಅರವತ್ತು ತಲೆಬರಹ ಇರುವ ರೆಡಿಮೇಡ್ ಎಕ್ಸೆಲ್ ಶೀಟುಗಳನ್ನು ಬಳಸಬೇಡಿ. ಅರ್ಧದಷ್ಟು ಕಾಲಂ ಖಾಲಿ ಉಳಿಯುತ್ತವೆ, ಉಳಿದರ್ಧವನ್ನು ಯಾರೋ ಅಂದಾಜಿಗೆ ತುಂಬುತ್ತಾರೆ. ಒಂದು ಹಾಳೆಯಲ್ಲಿ ನಾಲ್ಕು ಗೆರೆ ಎಳೆದು ಪೆನ್ಸಿಲ್ಲಿನಲ್ಲಿ ಶುರುಮಾಡಿ.

ಆಮೇಲೆ: ಪ್ರತಿ ಖರ್ಚಿಗೂ ಒಂದೇ ಪ್ರಶ್ನೆ

ಈ ತಿಂಗಳು ಎಲ್ಲ ಬೋರ್ಡೂ ಮೊದಲ ಸಲಕ್ಕೇ ಸರಿಯಾಗಿ ಬಂದಿದ್ದರೆ ಈ ಖರ್ಚು ಇರುತ್ತಿತ್ತಾ? ಇರುತ್ತಿರಲಿಲ್ಲ ಅಂದರೆ ಅದು ತಪ್ಪಿನ ಖರ್ಚು. ಇರುತ್ತಿತ್ತು, ಯಾಕೆಂದರೆ ಸರಿ ಇದೆಯೋ ಇಲ್ಲವೋ ನೋಡಲೇಬೇಕಿತ್ತು ಅಂದರೆ ತಪಾಸಣೆ. ಬೋರ್ಡು ಲೈನಿಗೆ ಬರುವ ಮೊದಲೇ ತಪ್ಪು ಹುಟ್ಟದಿರಲಿ ಎಂದು ಮಾಡಿದ್ದು ತಡೆ. ಇದಾವುದೂ ಅಲ್ಲದ್ದು ಸಾಮಾನ್ಯ ಉತ್ಪಾದನೆ, ಅದನ್ನು ಈ ಹಾಳೆಗೆ ತರಬೇಡಿ.

ಈ ಪ್ರಶ್ನೆ ಕೇಳಿದಾಗ ಕೆಲವು ಖರ್ಚು ಜಾಗ ಬದಲಿಸುತ್ತವೆ. ಟೆಸ್ಟಿಂಗ್ ನೋಡಿ. ಮೂವರು ಟೆಸ್ಟ್ ಆಪರೇಟರ್‌ಗಳು, ಒಟ್ಟು ಸಂಬಳ 72,000. ಎಲ್ಲವನ್ನೂ ತಪಾಸಣೆಗೆ ಬರೆದುಬಿಡುತ್ತಾರೆ. ಆದರೆ ಯಂತ್ರದ ಕೌಂಟರ್ 24,000 ತೋರಿಸುತ್ತದೆ, ಬೋರ್ಡು 20,000. ಮಿಕ್ಕ 4,000 ಸಲ ಪರೀಕ್ಷೆಯಾಗಿದ್ದು ರಿಪೇರಿಯಾಗಿ ವಾಪಸ್ ಬಂದ ಬೋರ್ಡುಗಳು. ಬೋರ್ಡು ಕೆಡದಿದ್ದರೆ ಆ ಮರುಪರೀಕ್ಷೆ ಬೇಕಿರಲಿಲ್ಲ, ಅಲ್ವಾ? ಹಾಗಾಗಿ ಆರನೇ ಒಂದು ಭಾಗ, 12,000 ರೂಪಾಯಿ, ತಪ್ಪಿನ ಕಾಲಂಗೆ ಹೋಗಬೇಕು. ತಪಾಸಣೆಗೆ ಉಳಿಯುವುದು 60,000.

ಹಾಗೆಯೇ ಡಿಬಗ್ ಟೆಕ್ನಿಷಿಯನ್‌ಗಳು. ಇಬ್ಬರಿಗೆ 70,000. ಲೆಕ್ಕದ ಪುಸ್ತಕದಲ್ಲಿ ಅವರು ‘ಎಂಜಿನಿಯರಿಂಗ್’. ಇಡೀ ದಿನ ಅವರು ಮಾಡುವುದು ಫೇಲಾದ ಬೋರ್ಡಿನಲ್ಲಿ ಏನು ಹೋಗಿದೆ ಎಂದು ಹುಡುಕುವ ಕೆಲಸ. ಪೂರ್ತಿ ತಪ್ಪಿನ ಖರ್ಚು.

ಟಚ್‌ಅಪ್ ಮೇಜು

ಈಗ ಕಷ್ಟದ ಜಾಗಕ್ಕೆ ಬಂದೆವು. ಬೆಸುಗೆ ಕರಗಿಸಿ ಕೂರಿಸುವ ರಿಫ್ಲೋ ಓವನ್ ದಾಟಿ, ಬೆಸುಗೆಯನ್ನು ಕ್ಯಾಮೆರಾದಿಂದ ನೋಡುವ ಎಒಐ ಯಂತ್ರ ದಾಟಿದ ಮೇಲೆ ಒಂದು ಉದ್ದ ಮೇಜು ಇರುತ್ತದೆ. ನಾಲ್ವರು ಸೋಲ್ಡರಿಂಗ್ ಐರನ್ ಹಿಡಿದು ಕೂತಿರುತ್ತಾರೆ. ಪಿಎಫ್, ಇಎಸ್‌ಐ ಸೇರಿ ಒಬ್ಬರಿಗೆ 22,000, ಒಟ್ಟು 88,000. ಯೂನಿಟ್ ಶುರುವಾದ ದಿನದಿಂದ ಆ ಮೇಜು ಅಲ್ಲೇ ಇದೆ. ಹಾಗಾಗಿ ಅದು ಲೈನಿನ ಒಂದು ಭಾಗ ಎಂದೇ ಎಲ್ಲರೂ ನಂಬಿದ್ದಾರೆ. ಪ್ರೋಸೆಸ್ ಚಾರ್ಟಿನಲ್ಲೂ ಅದಕ್ಕೊಂದು ಚೌಕ ಬರೆದಿರುತ್ತಾರೆ.

ಅಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದು, ಕನೆಕ್ಟರ್, ಟ್ರಾನ್ಸ್‌ಫಾರ್ಮರ್‌ನಂಥ ಕಾಲಿರುವ ಬಿಡಿಭಾಗಗಳನ್ನು ಕೈಯಲ್ಲಿ ಬೆಸೆದು ಕಾಲು ಕತ್ತರಿಸುವುದು. ಇದು ಉತ್ಪಾದನೆ. ಎರಡು, ಐಸಿ ಕಾಲುಗಳ ನಡುವೆ ಬೆಸುಗೆ ಕೂಡಿಕೊಂಡಿದ್ದರೆ ಬಿಡಿಸುವುದು, ಎದ್ದು ನಿಂತ ರೆಸಿಸ್ಟರನ್ನು ಕೂರಿಸುವುದು. ಇದು ನಿಜವಾದ ತಪ್ಪಿನ ಖರ್ಚು. ಮೂರನೆಯದನ್ನು ಯಾರೂ ಹೇಳುವುದಿಲ್ಲ: ಚೆನ್ನಾಗಿರುವ ಬೆಸುಗೆಯನ್ನೇ ಇನ್ನೊಂದು ಸಲ ಕಾಯಿಸುವುದು. ಎಒಐ ಸುಳ್ಳು ದೂರು ಕೊಟ್ಟಿತ್ತು, ಅಥವಾ ಬೆಸುಗೆ ನೋಡಲು ಸ್ವಲ್ಪ ಮಂಕಾಗಿತ್ತು, ಸುಮ್ನೆ ಒಮ್ಮೆ ಐರನ್ ತಾಗಿಸಿದರು. ಸೀಸವಿಲ್ಲದ ಬೆಸುಗೆ ಮಂಕಾಗಿಯೇ ಇರುತ್ತದೆ. ಬೆಸುಗೆ ಒಪ್ಪುವ ಮಾನದಂಡವಾದ ಐಪಿಸಿ-ಎ-610 ಕೂಡ ಅದನ್ನು ದೋಷ ಅನ್ನುವುದಿಲ್ಲ.

ಇದನ್ನು ಬಿಡಿಸಲು ಸೂಪರ್‌ವೈಸರ್‌ ಅವರನ್ನು ಕೇಳಿದರೆ ಆಗುವುದಿಲ್ಲ. ಒಂದು ವಾರ, ಮೇಜಿನ ಮೇಲೆ ಒಬ್ಬೊಬ್ಬರ ಮುಂದೆಯೂ ಮೂರು ಕಾಲಂನ ಒಂದು ಹಾಳೆ ಅಂಟಿಸಿ. ಬೋರ್ಡು ಬಂದಾಗ ಆಯಾ ಕಾಲಂನಲ್ಲಿ ಗೆರೆ ಎಳೆಯಲಿ. ಎರಡನೇ ಕಾಲಂ ಆದರೆ ಯಾವ ಭಾಗದಲ್ಲಿ ಏನು ದೋಷ ಎಂದೂ ಬರೆಯಲಿ. ಹಾಳೆಯ ಮೇಲೆ ಆಪರೇಟರ್ ಹೆಸರು ಬೇಡವೇ ಬೇಡ. ಹೆಸರು ಬರೆಸಿದ ಕ್ಷಣ ಎಲ್ಲ ಗೆರೆಯೂ ಮೊದಲ ಕಾಲಂಗೆ ಬೀಳುತ್ತವೆ. ನೀವೂ ಒಂದಷ್ಟು ಹೊತ್ತು ಪಕ್ಕದಲ್ಲಿ ಕೂತು, ಒಂದೊಂದು ಬಗೆಯ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಗೆರೆಗಳ ಎಣಿಕೆಯನ್ನು ಆ ನಿಮಿಷಗಳಿಂದ ಗುಣಿಸಿದರೆ ಸಮಯ ಹೇಗೆ ಹಂಚಿಹೋಗಿದೆ ಎಂದು ತಿಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ ಕಾಲು ಭಾಗ ಉತ್ಪಾದನೆ, ಅರ್ಧ ನಿಜವಾದ ದೋಷ, ಇನ್ನು ಕಾಲು ಭಾಗ ಚೆನ್ನಾಗಿದ್ದ ಬೆಸುಗೆ. ಅಂದರೆ 88,000ದಲ್ಲಿ 66,000 ತಪ್ಪಿನ ಖರ್ಚು. ಅದರಲ್ಲಿ ಕೊನೆಯ 22,000ವನ್ನು ಬೇರೆ ಸಾಲಿನಲ್ಲೇ ಬರೆಯಿರಿ. ಅದರ ಮದ್ದೇ ಬೇರೆ: ಎಒಐ ಪ್ರೋಗ್ರಾಂ ಸರಿಪಡಿಸಬೇಕು, ಯಾವ ಬೆಸುಗೆಯನ್ನು ಮುಟ್ಟಬಾರದು ಎಂದು ಫೋಟೊ ಸಹಿತ ಕಲಿಸಬೇಕು.

ಇಲ್ಲಿ ಬೆಸುಗೆ ಚೆನ್ನಾಗಿ ಹಿಡಿಯಲಿ ಎಂದು ಹಚ್ಚುವ ಫ್ಲಕ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಸರಿಲ್ಲದ ಬಾಟಲಿಯಲ್ಲಿ ಬರುವ ಅಗ್ಗದ ದ್ರವ ಫ್ಲಕ್ಸನ್ನು ಟಚ್‌ಅಪ್ ಮೇಜಿನಿಂದ ಇವತ್ತೇ ತೆಗೆಸಿ. ಐರನ್ ತಾಗಿದಷ್ಟು ಜಾಗದಲ್ಲಿ ಮಾತ್ರ ಅದು ಪೂರ್ತಿ ಕಾಯುತ್ತದೆ. ಸುತ್ತ ಹರಡಿದ್ದು ಕಾಯದೆ ಉಳಿಯುತ್ತದೆ. ಮಳೆಗಾಲದ ತೇವ ಅದಕ್ಕೆ ಸೇರಿದರೆ ಸೋರುವ ಕರೆಂಟು, ತುಕ್ಕು ಶುರುವಾಗುತ್ತದೆ. ಟೆಸ್ಟಿನಲ್ಲಿ ಪಾಸಾದ ಬೋರ್ಡು ತಿಂಗಳುಗಳ ನಂತರ ಗ್ರಾಹಕರ ಕಡೆಯಿಂದ ವಾಪಸ್ ಬರುತ್ತದೆ. ನಿಮ್ಮ ಸೋಲ್ಡರ್ ಪೇಸ್ಟಿಗೆ ಹೊಂದುವ, ತೆಳು ತುದಿಯ ಪೆನ್ನಿನಲ್ಲಿ ಬರುವ ಫ್ಲಕ್ಸ್ ತರಿಸಿ.

ಉಳಿದದ್ದು ಸುಲಭ

ಸ್ಕ್ರ್ಯಾಪನ್ನು ಮಾರಾಟದ ಬೆಲೆಗೆ ಹಿಡಿಯಬೇಡಿ, ಹಾಕಿದ ಸಾಮಾನಿನ ಬೆಲೆಗೆ ಹಿಡಿಯಿರಿ: 160 ಬೋರ್ಡು, 300 ರೂಪಾಯಿಯಂತೆ ಅದೇ 48,000. ರಿಪೇರಿಗಾಗಿ ಸ್ಟೋರ್ಸ್‌ನಿಂದ ಹೆಚ್ಚಿಗೆ ಹೋದ ಐಸಿ, ಕೆಪಾಸಿಟರ್ 24,000. ಮರುಪರೀಕ್ಷೆ, ಡಿಬಗ್, ಟಚ್‌ಅಪ್ ಸೇರಿಸಿದರೆ ಗೇಟಿನೊಳಗಿನ ತಪ್ಪಿನ ಖರ್ಚು 2,20,000. ಹೊರಗಿನದು ಕ್ರೆಡಿಟ್ ನೋಟ್ 62,000, ಹೋಗಿಬರುವ ಕೊರಿಯರ್ 18,000, ಗ್ರಾಹಕರ ಗೋಡೌನಿನಲ್ಲಿ ಬೋರ್ಡು ಬೇರ್ಪಡಿಸಲು ಹೋದ ಎಂಜಿನಿಯರ್ ಸಂಬಳ ಮತ್ತು ಪ್ರಯಾಣ 30,000, ಒಟ್ಟು 1,10,000. ಕೈತಪ್ಪಿದ ಆರ್ಡರುಗಳ ನಷ್ಟವನ್ನು ಊಹಿಸಿ ಇಲ್ಲಿ ಸೇರಿಸಬೇಡಿ. ಒಂದು ಊಹೆಯ ಅಂಕಿ ಇದ್ದರೂ ಮಾಲೀಕರು ಇಡೀ ಹಾಳೆಯನ್ನೇ ಅನುಮಾನಿಸುತ್ತಾರೆ.

ತಪಾಸಣೆ: ಟೆಸ್ಟಿಂಗ್ 60,000, ಎಒಐ ಆಪರೇಟರ್ ಮತ್ತು ಯಂತ್ರದ ಸವಕಳಿ 1,00,000, ಒಳಬರುವ ಸಾಮಾನು ನೋಡುವವರು 50,000. ಒಟ್ಟು 2,10,000. ತಡೆ: ಪ್ರೋಸೆಸ್ ಎಂಜಿನಿಯರ್ ಸಮಯದ ಒಂದು ಪಾಲು, ಯಂತ್ರಗಳ ನಿಗದಿತ ಸರ್ವಿಸ್, ತರಬೇತಿ, ಎಲ್ಲ ಸೇರಿ 60,000.

ಒಟ್ಟು 6 ಲಕ್ಷ. ಬಿಲ್ಲಿನ 7.5 ಪರ್ಸೆಂಟ್. ಅದರಲ್ಲಿ ತಪ್ಪಿಗೆ 3,30,000, ಅಂದರೆ ಮಾಲೀಕರು ಹೇಳಿದ್ದರ ಮೂರು ಪಟ್ಟು.

ಹಾಳೆ ತುಂಬಿದ ಮೇಲೆ

ಇಷ್ಟು ನೋಡಿದ ಕೂಡಲೇ ಇನ್ನೊಂದು ತಪಾಸಣೆ ಯಂತ್ರ ಕೊಳ್ಳೋಣ ಅನ್ನುತ್ತಾರೆ. ಬೇಡ. ಯಂತ್ರ ತಪ್ಪನ್ನು ಬೇಗ ಹಿಡಿದೀತು, ಆದರೆ ಹಿಡಿದ ಬೋರ್ಡು ಮತ್ತೆ ಅದೇ ಟಚ್‌ಅಪ್ ಮೇಜಿಗೆ ಹೋಗುತ್ತದೆ. ಮೊದಲು ಆ ಮೇಜಿನ ಎರಡನೇ ಕಾಲಂ ಓದಿ. ಒಂದೇ ಐಸಿಯ ಕಾಲುಗಳು ಪದೇ ಪದೇ ಕೂಡಿಕೊಳ್ಳುತ್ತಿದ್ದರೆ, ಸೋಲ್ಡರ್ ಪೇಸ್ಟ್ ಪ್ರಿಂಟ್ ಆಗುವ ಜಾಗಕ್ಕೆ ಹೋಗಿ. ಪೇಸ್ಟ್ ಇಳಿಯುವ ಸ್ಟೆನ್ಸಿಲ್ ತಗಡಿನ ರಂಧ್ರ ದೊಡ್ಡದಿದೆಯಾ? ಅಡಿಭಾಗವನ್ನು ಎಷ್ಟು ಪ್ರಿಂಟಿಗೊಮ್ಮೆ ಒರೆಸುತ್ತಾರೆ? ಬೋರ್ಡಿನ ಕೆಳಗೆ ಆಧಾರದ ಪಿನ್ನುಗಳು ಸರಿಯಾಗಿ ಕೂತಿವೆಯಾ?

ಪೇಸ್ಟನ್ನೂ ನೋಡಿ. ಫ್ರಿಜ್ಜಿನಿಂದ ತೆಗೆದ ಡಬ್ಬಿ ಮುಚ್ಚಳ ತೆಗೆಯದೆ ಸುಮಾರು ನಾಲ್ಕು ಗಂಟೆ ಹೊರಗಿರಬೇಕು. ಅವಸರಕ್ಕೆ ಓವನ್ ಮೇಲಿಟ್ಟು ಬಿಸಿ ಮಾಡುವವರಿದ್ದಾರೆ. ತಣ್ಣಗಿರುವಾಗಲೇ ಮುಚ್ಚಳ ತೆಗೆಯುವವರೂ ಇದ್ದಾರೆ. ಓವನ್ ಮೇಲಿಟ್ಟರೆ ಪೇಸ್ಟಿನ ಗುಣ ಕೆಡುತ್ತದೆ. ತಣ್ಣಗಿನ ಡಬ್ಬಿ ತೆರೆದರೆ ಗಾಳಿಯ ತೇವ ಒಳಗೆ ಇಳಿದು, ಓವನ್ನಿನಲ್ಲಿ ಬೆಸುಗೆ ಸಿಡಿದು ಸಣ್ಣ ಉಂಡೆಗಳಾಗುತ್ತವೆ. ಇದನ್ನು ತಡೆಯಲು ಡಬ್ಬಿಯ ಮೇಲೆ ಹೊರತೆಗೆದ ಸಮಯ ಬರೆದರೆ ಆಯಿತು. ಹೊಸ ಸ್ಟೆನ್ಸಿಲ್ ಬೇಕಾದರೂ ಅದರ ಬೆಲೆ ಯಂತ್ರದ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಮಾಲೀಕರಿಗೆ ಒಂದು ವಿಷಯ ಮುಂಚೆಯೇ ಹೇಳಿಬಿಡಿ. ಟಚ್‌ಅಪ್ ಕೆಲಸ ಅರ್ಧಕ್ಕಿಳಿದರೂ ಆ ತಿಂಗಳ ಸಂಬಳದ ಮೊತ್ತ ಹಾಗೇ ಇರುತ್ತದೆ. ಹಾಗೆ ಮೇಜಿನಿಂದ ಬಿಡುವಾದ ಇಬ್ಬರನ್ನು ಬೇರೆ ಬೋರ್ಡಿನ ಜೋಡಣೆಗೆ ಹಾಕಿದಾಗ, ಅಥವಾ ಹೊಸಬರನ್ನು ತೆಗೆದುಕೊಳ್ಳುವುದು ತಪ್ಪಿದಾಗ ಮಾತ್ರ ಹಣ ಉಳಿಯುತ್ತದೆ. ಸ್ಕ್ರ್ಯಾಪ್, ಬಿಡಿಭಾಗ, ಕೊರಿಯರ್‌ನಲ್ಲಿ ಆಗುವ ಉಳಿತಾಯ ನೇರವಾಗಿ ಕಾಣುತ್ತದೆ. ಎರಡನ್ನೂ ಬೇರೆ ಬೇರೆ ತೋರಿಸಿ.

ಹೊರಗಿನ ತಪ್ಪನ್ನು ವಾಪಸ್ ಬಂದ ತಿಂಗಳಿಗೆ ಮಾತ್ರ ಬರೆದುಕೊಂಡು ಸುಮ್ಮನಾಗಬೇಡಿ. ಬೋರ್ಡಿನ ಸೀರಿಯಲ್ ನಂಬರ್ ನೋಡಿ, ಅದು ತಯಾರಾದ ತಿಂಗಳನ್ನು ಪಕ್ಕದಲ್ಲಿ ಬರೆಯಿರಿ. ಏಪ್ರಿಲ್‌ನಲ್ಲಿ ಸ್ಟೆನ್ಸಿಲ್ ಬದಲಿಸಿದ್ದರೂ ಜೂನ್, ಜುಲೈನಲ್ಲಿ ಫೆಬ್ರವರಿಯ ಬೋರ್ಡುಗಳು ಬರುತ್ತಲೇ ಇರುತ್ತವೆ. ಬದಲಾವಣೆ ಕೆಲಸ ಮಾಡಿತೋ ಇಲ್ಲವೋ ಎಂದು ನೋಡಲು, ಏಪ್ರಿಲ್ ನಂತರ ತಯಾರಾದವುಗಳಲ್ಲಿ ಎಷ್ಟು ವಾಪಸ್ ಬಂದವು ಎಂದು ಮಾತ್ರ ಎಣಿಸಿ.